ಚಮಕದ ‘ಮೇ’ ಯಾರು?

ನಂದಿಯ ಭೋಗನಂದೀಶ್ವರನ ಸನ್ನಿಧಿಯಲ್ಲಿ ಶಿವರಾತ್ರಿಯ ಜಾಗರಣೆ ಮಾಡುವುದು ನಮ್ಮ ದೊಡ್ಡಮ್ಮನ ಹರಕೆ. ಅವರಿಗೆ ಈಗ ಒಬ್ಬರೇ ಹೋಗಿ ಕೂರುವ ಶಕ್ತಿಯಿಲ್ಲವಾದ್ದರಿಂದ ಈ ಸಲ ಚಿಕ್ಕಬಳ್ಳಾಪುರದಿಂದ ನಾನೂ ಜೊತೆಗೆ ಹೊರಟೆ. ಜಾತ್ರೆಯ ಜನಸಾಗರವನ್ನು ದಾಟಿ ಒಳಗೆ ಬಂದು, ಉಮಾಮಹೇಶ್ವರನ ಗುಡಿಯ ಮುಂದಿನ ಕಲ್ಯಾಣ ಮಂಟಪ ಕಾಣುವ ಹಾಗೆ ಒಂದು ಕಂಬದ ಬಳಿ ಚಾಪೆ ಹಾಸಿಕೊಂಡೆವು.

ಜಾಗರಣೆಯಲ್ಲಿ ನಾಲ್ಕು ಯಾಮಗಳಿಗೆ ನಾಲ್ಕು ಪೂಜೆ. ಹಾಲು, ಮೊಸರು, ತುಪ್ಪ, ಜೇನು ಎಂದು ಯಾಮಕ್ಕೊಂದು ಅಭಿಷೇಕ ನಡೆಸುವುದು ವಾಡಿಕೆ. ಅದರ ಜೊತೆಗೆ ರುದ್ರ, ರುದ್ರದ ಬೆನ್ನಿಗೇ ಚಮಕ. ಚಮಕವನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇನೆ. ‘ಅದೂ ನನಗಿರಲಿ, ಇದೂ ನನಗಿರಲಿ’ ಎಂದು ಬೇಡುವ ದೊಡ್ಡ ಪಟ್ಟಿ ಅದು. ಪ್ರತಿಯೊಂದು ಹೆಸರಿನ ಹಿಂದೆಯೂ ‘ಚ ಮೇ’ ಎಂದು, ಅಂದರೆ ‘ಇದೂ ನನಗೆ’ ಎಂದು, ಬರುವುದರಿಂದಲೇ ಅದಕ್ಕೆ ಚಮಕ ಎಂಬ ಹೆಸರು. ಆ ರಾತ್ರಿ ಮೊದಲ ಯಾಮದಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದಾಗ ಅದುವರೆಗೆ ಗಮನಿಸದೇ ಇದ್ದ ಸಂಗತಿಯೊಂದು ಹೊಳೆಯಿತು. ತೈತ್ತಿರೀಯ ಉಪನಿಷತ್ತು ಹೇಳುವ ಮನುಷ್ಯನ ಐದು ಪದರಗಳ, ಎಂದರೆ ಕೋಶಗಳ, ಅಂಗಾಂಗಗಳಲ್ಲಿ ಹಲವು ಈ ಪಟ್ಟಿಯಲ್ಲಿ ಚದುರಿಕೊಂಡಿವೆ!

ಚಮಕವೂ ಆ ಉಪನಿಷತ್ತೂ ಒಂದೇ ಕೃಷ್ಣಯಜುರ್ವೇದದ ತೈತ್ತಿರೀಯ ಶಾಖೆಗೆ ಸೇರಿದವು. ಉಪನಿಷತ್ತು ಐದು ಪದರಗಳನ್ನೂ ಹಕ್ಕಿಯ ಆಕಾರದಲ್ಲಿ ಚಿತ್ರಿಸುತ್ತದೆ. ಒಂದು ತಲೆ, ಎರಡು ರೆಕ್ಕೆ, ನಡುವಿನ ಮೈ, ಹಕ್ಕಿ ನಿಲ್ಲಲು ಆಸರೆಯಾದ ಬಾಲ. ಚಮಕವನ್ನು ಹೇಳುವುದು ಅಗ್ನಿಚಯನದಲ್ಲಿ, ತುಪ್ಪದ ಧಾರೆ ಕಡಿಯದಂತೆ ಸುರಿಯುವ ‘ವಸೋರ್ಧಾರಾ’ ಎಂಬ ಹೋಮದ ಹೊತ್ತಿಗೆ. ಆ ಯಾಗದ ಇಟ್ಟಿಗೆಯ ವೇದಿಯೂ ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರದ್ದೇ. ಚಮಕವನ್ನು ಕೋಶಗಳ ವಿವರಣೆಗಾಗಿ ಹೇಳಿದ್ದಾರೆಂದು ನಾನು ವಾದಿಸುವುದಿಲ್ಲ. ಆದರೆ ಹೊರಗಿನ ವೇದಿಯ ಹಕ್ಕಿಯನ್ನೇ ಉಪನಿಷತ್ತು ಮನುಷ್ಯನ ಒಳಗೆ ಕೂರಿಸಿದೆ ಎಂದುಕೊಂಡರೆ ಎರಡೂ ಒಂದೇ ಮನೆಯ ಮಾತಾಗಿ ಕೇಳಿಸುತ್ತವೆ.

ಮೊದಲನೆಯದು ಅನ್ನಮಯ. ಚಮಕದ ನಾಲ್ಕನೆಯ ಅನುವಾಕದಲ್ಲಿ, ಎಂದರೆ ನಾಲ್ಕನೆಯ ಭಾಗದಲ್ಲಿ, ‘ಅನ್ನಂ ಚ ಮೇ’ ಎಂದು ಬರುತ್ತದೆ, ಅದರ ಹಿಂದೆ ಧಾನ್ಯಗಳ ಸಾಲು. ವ್ರೀಹಿ, ಯವ, ಉದ್ದು, ಎಳ್ಳು, ಹೆಸರು, ಗೋಧಿ. ಪ್ರಿಯಂಗು ಎಂದರೆ ನವಣೆ, ಶ್ಯಾಮಾಕ ಎಂದರೆ ಸಾಮೆ. ಮಳೆಯನ್ನೇ ನಂಬಿದ ನಮ್ಮ ಹೊಲಗಳ ನವಣೆ, ಸಾಮೆಗಳ ಹೆಸರನ್ನು ವೇದದಲ್ಲಿ ಕೇಳುವಾಗ ಮನಸ್ಸು ತುಂಬಿ ಬರುತ್ತದೆ. ತಿಂದದ್ದೇ ಮೈಯಾಗುತ್ತದೆ, ಕೊನೆಗೆ ಮೈಯೂ ಮಣ್ಣಿಗೆ ಅನ್ನವಾಗುತ್ತದೆ. ಅನ್ನಮಯವೆಂದರೆ ಇಷ್ಟೇ, ಇದರಲ್ಲಿ ಗೂಢವೇನೂ ಇಲ್ಲ.

ಎರಡನೆಯ ಯಾಮದ ಹೊತ್ತಿಗೆ ನನಗೆ ಹಸಿವು ಜೋರಾಯಿತು. ಹಸಿವು ಮೈಯದು ಎಂದುಕೊಳ್ಳುತ್ತೇವೆ. ವೇದಾಂತಿಗಳು ಹಾಗೆನ್ನುವುದಿಲ್ಲ. ಹುಟ್ಟು ಸಾವು ದೇಹಕ್ಕೆ, ಹಸಿವು ಬಾಯಾರಿಕೆ ಪ್ರಾಣಕ್ಕೆ, ಶೋಕ ಮೋಹ ಮನಸ್ಸಿಗೆ ಎಂದು ಅವರು ಬಿಡಿಸಿ ಹೇಳುತ್ತಾರೆ. ಹೆಣದಲ್ಲಿ ಹೊಟ್ಟೆ ಇದೆ, ಹಸಿವಿಲ್ಲ. ಈ ಒಂದು ಗುರುತು ಸಾಕು, ಅನ್ನಮಯದಿಂದ ಪ್ರಾಣಮಯ ಬೇರೆ ಎನ್ನುವುದಕ್ಕೆ. ಪ್ರಾಣ ಈ ಹಕ್ಕಿಯ ತಲೆ, ವ್ಯಾನ ಬಲರೆಕ್ಕೆ, ಅಪಾನ ಎಡರೆಕ್ಕೆ. ಚಮಕದ ಮೊದಲ ಅನುವಾಕದಲ್ಲೇ ‘ಪ್ರಾಣಶ್ಚ ಮೇಽಪಾನಶ್ಚ ಮೇ ವ್ಯಾನಶ್ಚ ಮೇ’ ಎಂದು ಮೂರೂ ಬಂದಿವೆ.

ಹಸಿವು ಒಂದು ಹಂತದಲ್ಲಿ ತಾನಾಗಿಯೇ ಇಳಿಯಿತು. ಆಗ ಶುರುವಾಯಿತು ಮನಸ್ಸಿನ ಓಟ. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆನೇ? ಬೆಳಿಗ್ಗೆ ಹಾಲು ಕರೆಯುವವರು ಯಾರು? ಬೇಕು ಬೇಡಗಳ ಈ ಸಂತೆಯೇ ಮನೋಮಯ. ಆದರೆ ಉಪನಿಷತ್ತು ಅದನ್ನು ಹೀಗಳೆಯುವುದಿಲ್ಲ. ಮನೋಮಯದ ಹಕ್ಕಿಗೆ ಯಜುಸ್ಸೇ ತಲೆ, ಋಕ್ಕು ಸಾಮಗಳೇ ರೆಕ್ಕೆ ಎನ್ನುತ್ತದೆ. ಚಿಲಕದ ಚಿಂತೆ ಓಡಾಡುವ ಮನಸ್ಸಿನಲ್ಲಿಯೇ ಮಂತ್ರವೂ ನೆಲೆಸುತ್ತದೆ. ಚಮಕವೂ ‘ಮನಶ್ಚ ಮೇ’ ಎನ್ನುತ್ತದೆ, ಮುಂದೆ ‘ಋಕ್ಚ ಮೇ ಸಾಮ ಚ ಮೇ’ ಎಂದೂ ಬೇಡುತ್ತದೆ.

‘ಎದ್ದು ಮನೆಗೆ ಹೋಗೋಣವೇ ದೊಡ್ಡಮ್ಮ? ಮೊಣಕಾಲು ನೋಯುತ್ತಿರಬೇಕು’ ಎಂದೆ. ‘ನೋಯುತ್ತದಪ್ಪ, ನೋಯಲಿ. ಕೂರುತ್ತೇನೆ ಎಂದು ಹೇಳಿಯಾಗಿದೆ’ ಎಂದರು.

ಕೂರುತ್ತೇನೆ ಎಂಬ ಆ ನಿಶ್ಚಯ ವಿಜ್ಞಾನಮಯದ್ದು. ‘ವಿಜ್ಞಾನಂ ಯಜ್ಞಂ ತನುತೇ’ ಎಂಬುದು ಉಪನಿಷತ್ತಿನ ಮಾತು. ಯಜ್ಞವನ್ನು ನಡೆಸುವುದು, ಕರ್ಮವನ್ನು ಮಾಡುವುದು ಈ ಪದರ. ಶ್ರದ್ಧೆ ಅದರ ತಲೆ, ಋತ ಸತ್ಯಗಳು ರೆಕ್ಕೆಗಳು. ‘ಸತ್ಯಂ ಚ ಮೇ ಶ್ರದ್ಧಾ ಚ ಮೇ’ ಎಂದು ಚಮಕದ ಎರಡನೆಯ ಅನುವಾಕ. ಇಲ್ಲೊಂದು ಕಠಿಣವಾದ ಮಾತಿದೆ. ವ್ರತ ಮಾಡುವ ‘ನಾನು’, ಉಪವಾಸವಿದ್ದ ‘ನಾನು’, ಇಡೀ ರಾತ್ರಿ ಎಚ್ಚರವಿದ್ದೆ ಎಂದು ನಾಳೆ ನೆಂಟರಿಗೆ ಹೇಳುವ ‘ನಾನು’, ಇವೆಲ್ಲ ಈ ಪದರವೇ. ಭಕ್ತಿಯನ್ನು ಮಾಡುವ ಕರ್ತೃವೂ ಒಂದು ಕೋಶ. ದೇಹವೇ ನಾನಲ್ಲ ಎಂದು ಒಪ್ಪುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಈ ಭಕ್ತನೂ ನಾನಲ್ಲ ಎಂದು ಒಪ್ಪುವುದು ನನಗಂತೂ ಇನ್ನೂ ಸಾಧ್ಯವಾಗಿಲ್ಲ.

ಮೂರನೆಯ ಯಾಮದಲ್ಲಿ ನಾನು ನಿದ್ದೆ ಹೋದೆ. ಕಂಬಕ್ಕೆ ಒರಗಿದ್ದಷ್ಟೇ ನೆನಪು. ಗಂಟೆಯ ಶಬ್ದಕ್ಕೆ ಎಚ್ಚರವಾದಾಗ ದೊಡ್ಡಮ್ಮ ನನ್ನ ಮೇಲೆ ಶಾಲು ಹೊದಿಸಿದ್ದರು. ಜಾಗರಣೆ ಕೆಟ್ಟಿತಲ್ಲ ಎಂಬ ಸಂಕಟ ಬರುವುದಕ್ಕೂ ಮುಂಚೆ, ಒಂದು ಕ್ಷಣ, ಎಂಥ ಸುಖವಿತ್ತು ಎನಿಸಿತು. ಇದೇ ಆನಂದಮಯದ ಗುರುತು. ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಎಂದು ಎದ್ದವರೆಲ್ಲ ಹೇಳುವ ಮಾತನ್ನೇ ವೇದಾಂತ ಹಿಡಿದು ನಿಲ್ಲಿಸುತ್ತದೆ. ಆ ನಿದ್ದೆಯಲ್ಲಿ ಹಸಿವಿರಲಿಲ್ಲ, ಚಿಲಕವಿರಲಿಲ್ಲ, ವ್ರತವೂ ಇರಲಿಲ್ಲ. ನಾಲ್ಕು ಪದರಗಳೂ ಮುದುಡಿದ್ದವು. ಆದರೂ ಸುಖವಿತ್ತೆಂದು, ಏನೂ ತಿಳಿಯಲಿಲ್ಲವೆಂದು ಈಗ ನೆನಪಿದೆ. ಅನುಭವವಾಗದೇ ಇದ್ದುದರ ನೆನಪು ಬರುವುದಿಲ್ಲ. ಹಾಗಾದರೆ ಆ ಸುಖವನ್ನೂ ಆ ಕತ್ತಲನ್ನೂ ಕಂಡದ್ದು ಯಾವುದು?

ಇಲ್ಲಿಯೇ ಹೆಚ್ಚಿನವರು ನಿಂತುಬಿಡುತ್ತಾರೆ. ಐದನೆಯದು ಆನಂದ, ಅದೇ ಗುರಿ ಎಂದುಕೊಳ್ಳುತ್ತಾರೆ. ಧ್ಯಾನದಲ್ಲೊಂದು ತಂಪು ಸಿಕ್ಕಿದರೆ ಮುಟ್ಟಿದೆವೆಂದು ತಿಳಿಯುತ್ತಾರೆ. ಉಪನಿಷತ್ತು ಆನಂದಮಯದ ಹಕ್ಕಿಗೂ ಅಂಗಗಳನ್ನು ಹೇಳಿದೆ. ಪ್ರಿಯ ತಲೆ, ಮೋದ ಬಲರೆಕ್ಕೆ, ಪ್ರಮೋದ ಎಡರೆಕ್ಕೆ. ಬಯಸಿದ್ದು ಕಣ್ಣಿಗೆ ಬಿದ್ದಾಗಿನ ಹಿಗ್ಗು ಪ್ರಿಯ, ಕೈಗೆ ಸಿಕ್ಕಾಗಿನದು ಮೋದ, ಅನುಭವಿಸುವಾಗಿನದು ಪ್ರಮೋದ. ಊರಿನಿಂದ ಬಸ್ಸಿಳಿದು ಗೋಪುರ ಕಂಡದ್ದು, ಗರ್ಭಗುಡಿಯ ಮುಂದೆ ನಿಂತದ್ದು, ಮಂಗಳಾರತಿಯಲ್ಲಿ ಮೈಮರೆತದ್ದು ಎಂದು ಇಟ್ಟುಕೊಳ್ಳಬಹುದು. ಏರಿಳಿತವಿರುವುದು, ಬಂದು ಹೋಗುವುದು ಕೋಶವೇ ಹೊರತು ಆತ್ಮವಲ್ಲ. ಚಮಕವೂ ‘ಪ್ರಿಯಂ ಚ ಮೇ’, ‘ಮೋದಶ್ಚ ಮೇ’ ಎಂದು ಇವನ್ನು ಧಾನ್ಯದ ಹಾಗೆಯೇ ಬೇಡಿದೆ.

ಆ ಹಕ್ಕಿಯ ಬಾಲದ ಬಗ್ಗೆ ಮಾತ್ರ ‘ಬ್ರಹ್ಮ ಪುಚ್ಛಂ ಪ್ರತಿಷ್ಠಾ’ ಎಂದಿದೆ. ಶಂಕರರು ಹಿಡಿಯುವುದು ಈ ಮಾತನ್ನು. ಆನಂದಮಯವಲ್ಲ, ಅದಕ್ಕೂ ಆಸರೆಯಾಗಿ ನಿಂತದ್ದೇ ಬ್ರಹ್ಮ ಎನ್ನುತ್ತಾರೆ. ರಾಮಾನುಜರು ಇದನ್ನು ಒಪ್ಪುವುದಿಲ್ಲ. ‘ಆನಂದಮಯೋಽಭ್ಯಾಸಾತ್’ ಎಂಬ ಬ್ರಹ್ಮಸೂತ್ರವನ್ನು ಮುಂದಿಟ್ಟು ಆನಂದಮಯನೇ ಪರಮಾತ್ಮ ಎನ್ನುತ್ತಾರೆ. ಮುಳಬಾಗಿಲಿನ ಶ್ರೀಪಾದರಾಜ ಮಠದಂಥ ಮಾಧ್ವ ಪರಂಪರೆಯಲ್ಲಿ ಅನ್ನಮಯದಿಂದ ಹಿಡಿದು ಐದೂ ಶ್ರೀಹರಿಯ ರೂಪಗಳೇ. ನಾನು ಬೆಳೆದದ್ದು ಮೊದಲನೆಯ ದಾರಿಯಲ್ಲಿ, ಈ ಬರಹವೂ ಅದರಂತೆಯೇ ನಡೆದಿದೆ.

‘ನನ್ನದು’ ಎಂದು ಹೇಳಬಹುದಾದ್ದೆಲ್ಲ ನಾನಲ್ಲ ಎಂಬ ವಾದವನ್ನು ಹಲವರು ಇಲ್ಲಿ ಹೂಡುತ್ತಾರೆ. ನನ್ನ ಮೈ, ನನ್ನ ಉಸಿರು, ನನ್ನ ಮನಸ್ಸು, ಆದ್ದರಿಂದ ನಾನು ಬೇರೆ. ಮಾತಿನ ರೂಪವೊಂದನ್ನೇ ನಂಬಿದರೆ ಇದು ನಿಲ್ಲುವುದಿಲ್ಲ. ‘ನನ್ನ ಆತ್ಮ’ ಎಂದೂ ಹೇಳುತ್ತೇವಲ್ಲ? ರಾಹುವಿಗೆ ಇರುವುದೇ ತಲೆ, ಆದರೂ ‘ರಾಹುವಿನ ತಲೆ’ ಎನ್ನುತ್ತೇವೆ ಎಂದು ಪಂಡಿತರು ಇದಕ್ಕೆ ಉದಾಹರಣೆ ಕೊಡುತ್ತಾರೆ. ನಿಜವಾದ ಪರೀಕ್ಷೆ ಅನುಭವದಲ್ಲಿದೆ. ಆ ರಾತ್ರಿ ಹಸಿವು ಬಂತು, ಹೋಯಿತು. ಚಿಂತೆ ಬಂತು, ಹೋಯಿತು. ನಿಶ್ಚಯವೂ ಸುಖವೂ ಹಾಗೆಯೇ. ಅವು ಬರುವುದನ್ನೂ ಹೋಗುವುದನ್ನೂ ತಿಳಿದದ್ದು ಮಾತ್ರ ಅವುಗಳ ಜೊತೆ ಹೋಗಲಿಲ್ಲ. ಪಟ್ಟಿಯಲ್ಲಿ ಎಲ್ಲವೂ ಇದೆ, ‘ಮೇ’ ಎಂದು ಯಾರಿಗೆ ಬೇಡುತ್ತಿದೆಯೋ ಅವನೊಬ್ಬ ಪಟ್ಟಿಯ ಸಾಮಾನಲ್ಲ.

ಕೋಶಗಳನ್ನು ಈರುಳ್ಳಿಯ ಸಿಪ್ಪೆಯಂತೆ ಸುಲಿದು ಎಸೆಯಬೇಕೆಂದು ಕೆಲವರು ತಿಳಿದಿದ್ದಾರೆ. ಮೂಲದಲ್ಲಿ ಹಾಗಿಲ್ಲ. ಇವನ್ನು ಹೇಳುವ ಬ್ರಹ್ಮಾನಂದವಲ್ಲಿ ಎಂಬ ಉಪನಿಷತ್ತಿನ ಅಧ್ಯಾಯದಲ್ಲಿ ಈ ಐದಕ್ಕೆ ಕೋಶವೆಂಬ ಹೆಸರೂ ಇಲ್ಲ; ಪ್ರತಿಯೊಂದನ್ನೂ ಆತ್ಮ ಎಂದೇ ಕರೆದು, ‘ತೇನೈಷ ಪೂರ್ಣಃ’, ಒಳಗಿನದರಿಂದ ಹೊರಗಿನದು ತುಂಬಿದೆ ಎನ್ನುತ್ತದೆ. ದೊಡ್ಡಮ್ಮನ ಮೊಣಕಾಲಿನಲ್ಲಿ ಉಸಿರಿದೆ, ಉಸಿರಿನಲ್ಲಿ ‘ಶಿವ ಶಿವ’ ಇದೆ, ಆ ನಾಮದಲ್ಲಿ ಶ್ರದ್ಧೆ ಇದೆ. ಯಾವುದನ್ನು ಸುಲಿಯುವುದು?

ನಾಲ್ಕನೆಯ ಯಾಮದ ಚಮಕವನ್ನು ಕಿವಿಗೊಟ್ಟು ಕೇಳಿದೆ. ಹತ್ತನೆಯ ಅನುವಾಕದ ಕೊನೆಯಲ್ಲಿ ಮಂತ್ರದ ನಡಿಗೆ ಬದಲಾಗುತ್ತದೆ. ‘ಪ್ರಾಣೋ ಯಜ್ಞೇನ ಕಲ್ಪತಾಮ್’, ‘ಮನೋ ಯಜ್ಞೇನ ಕಲ್ಪತಾಮ್’, ‘ಆತ್ಮಾ ಯಜ್ಞೇನ ಕಲ್ಪತಾಮ್’. ಯಜ್ಞದಿಂದ ಪ್ರಾಣ ಅಣಿಯಾಗಲಿ, ಮನಸ್ಸು ಅಣಿಯಾಗಲಿ, ಆತ್ಮ ಅಣಿಯಾಗಲಿ. ಅಲ್ಲಿ ‘ಮೇ’ ಇಲ್ಲ! ಅಷ್ಟು ಹೊತ್ತು ಬೇಡಿದ್ದನ್ನೆಲ್ಲ ಅಲ್ಲಿಯೇ ಒಪ್ಪಿಸಿಬಿಟ್ಟಂತಾಯಿತು. ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ಹನ್ನೊಂದನೆಯ ಅನುವಾಕ ‘ಏಕಾ ಚ ಮೇ, ತಿಸ್ರಶ್ಚ ಮೇ’ ಎಂದು ಶುರುವಾಯಿತು. ‘ಮೇ’ ಮರಳಿ ಬಂದಿತ್ತು.

ಬೆಳಕು ಹರಿಯುತ್ತಿದ್ದಂತೆ ಶೃಂಗಿತೀರ್ಥದ ಬಳಿ ಹೋಗಿ ಕೂತೆವು. ತಲೆಯೆತ್ತಿದರೆ ನಂದಿಬೆಟ್ಟ, ಅದರ ನೆತ್ತಿಯ ಮೇಲೆ ಯೋಗನಂದೀಶ್ವರ. ಕೆಳಗೆ ಭೋಗ, ಮೇಲೆ ಯೋಗ. ಮೇಲಿನವನು ವಿರಕ್ತನಾದ್ದರಿಂದ ಅವನಿಗೆ ಉತ್ಸವಗಳಿಲ್ಲ ಎಂಬ ನಂಬಿಕೆ. ದೊಡ್ಡಮ್ಮ ಕೆಳಗಿನಿಂದಲೇ ಕೈಮುಗಿದರು.

ಮನೆಗೆ ಬಂದು ಸ್ನಾನ ಮಾಡಿ ಪಾರಣೆಗೆ ಕೂತಾಗ ಬಿಸಿ ಮುದ್ದೆ, ಅವರೆಕಾಳಿನ ಸಾರು. ಸಾರಿಗೆ ಉಪ್ಪು ಕಡಿಮೆಯಿತ್ತು. ಹೇಳಬೇಕೆಂದು ಬಾಯಿ ತೆರೆದವನಿಗೆ ಭೃಗುವಲ್ಲಿಯ ಮಾತು ನೆನಪಾಯಿತು. ಭೃಗು ತಪಸ್ಸಿನ ಮೇಲೆ ತಪಸ್ಸು ಮಾಡಿ ಅನ್ನದಿಂದ ಆನಂದದವರೆಗೆ ಏರಿದ ಬಳಿಕ ಉಪನಿಷತ್ತು ಮೊದಲು ಕೊಡುವ ವ್ರತ, ‘ಅನ್ನಂ ನ ನಿಂದ್ಯಾತ್’. ಅನ್ನವನ್ನು ಹಳಿಯಬೇಡ.

‘ಇನ್ನೊಂದು ತುತ್ತು ಹಾಕಲೇನಪ್ಪ?’ ಎಂದರು ದೊಡ್ಡಮ್ಮ. ತಟ್ಟೆಯನ್ನು ಮುಂದಕ್ಕೆ ಹಿಡಿದೆ.