ಮಂಗಳವಾರ, 12 ನವೆಂಬರ್ 2024, ಲಿಯೋಂ

ನಿನ್ನೆ ಇಲ್ಲಿ ರಜೆ, ಮೊದಲ ಮಹಾಯುದ್ಧ ಮುಗಿದ ದಿನ. ಇವತ್ತು ಬಂದು ನೋಡಿದರೆ ವರದಿಗೆ ಬರಬೇಕಿದ್ದ ನಾಲ್ಕು ಕೋಷ್ಟಕಗಳಲ್ಲಿ ಎರಡೇ ಬಂದಿದ್ದವು. ಶುಕ್ರವಾರ ಕೊಡಬೇಕು. ಗಾಬರಿಯಲ್ಲಿ ತಂಡಕ್ಕೆ ಫ್ರೆಂಚ್‌ನಲ್ಲಿ ಮೇಲ್ ಬರೆದೆ: 'ವೂ ನಾವೇ ತುಜೂರ್ ಪಾ ಆಂವ್ವಾಯೇ ವೋ ತಾಬ್ಲೋ.' ನೀವು ಇನ್ನೂ ನಿಮ್ಮ ಕೋಷ್ಟಕ ಕಳಿಸಿಲ್ಲ, ಅಂತ.

ಕಳಿಸುವ ಮುಂಚೆ ಪಕ್ಕದ ಮೇಜಿನ ಹಿರಿಯರಿಗೆ ತೋರಿಸಿದ್ದು ಒಳ್ಳೆಯದಾಯಿತು. ಅವರು ಎರಡು ಕಡೆ ಬೆರಳಿಟ್ಟರು. ಮೊದಲನೆಯದು 'ತುಜೂರ್ ಪಾ'. 'ಪಾ ಆಂಕೋರ್' ಅಂದರೂ 'ಇನ್ನೂ ಇಲ್ಲ' ಅಂತಲೇ ಅರ್ಥ, ಆದರೆ ಅದು ಶಾಂತವಾದ ಮಾತು. 'ತುಜೂರ್ ಪಾ' ಅಂದರೆ ಕಾದು ಕಾದು ಸಾಕಾಯಿತು ಅನ್ನುವ ಧ್ವನಿ. ಎರಡನೆಯದು 'ವೂ'. ನಮ್ಮ 'ನೀವು' ಹಾಗೇ ಅದು ಮರ್ಯಾದೆಗೂ ಆಗುತ್ತೆ, ಬಹುವಚನಕ್ಕೂ ಆಗುತ್ತೆ. ತಂಡಕ್ಕೆ ಬರೆದಾಗ ಎಲ್ಲರಿಗೂ ತಾಗುತ್ತೆ. ಆಗಲೇ ಕಳಿಸಿದ ಇಬ್ಬರು ಏನು ತಪ್ಪು ಮಾಡಿದ್ದರು?

ಕನ್ನಡದಲ್ಲಾದರೆ ಸುಮ್ನೆ 'ಎರಡು ಕೋಷ್ಟಕ ಬರಬೇಕು' ಅಂದುಬಿಡುತ್ತೇವೆ. ಯಾರು ಕಳಿಸಬೇಕು ಅನ್ನುವ ಮಾತೇ ಬರಲ್ಲ. ಫ್ರೆಂಚ್‌ನಲ್ಲಿ ಅದಕ್ಕೆ 'ಇಲ್' ಇದೆ. 'ಇಲ್ ಮಾಂಕ್ ಆಂಕೋರ್ ದ ತಾಬ್ಲೋ', ಇನ್ನೂ ಎರಡು ಕೋಷ್ಟಕ ಕಡಿಮೆ ಇವೆ. ಈ 'ಇಲ್' ಯಾರೂ ಅಲ್ಲ, ವಾಕ್ಯದಲ್ಲಿ ಕರ್ತೃವಿನ ಜಾಗ ತುಂಬುತ್ತೆ, ಅಷ್ಟೇ.

ಹಾಗಾದರೆ ಎಲ್ಲವನ್ನೂ 'ಒಂ' ಹಾಕಿ ಬರೆದರೆ ಆಯ್ತಲ್ವಾ ಅಂದೆ. 'ಒಂ' ಅಂದರೆ ಮಾತಿನಲ್ಲಿ 'ನಾವು', ಕೆಲವೊಮ್ಮೆ 'ಯಾರೋ'. ಎಲ್ಲದಕ್ಕೂ ಆಗಲ್ಲ ಅಂತ ಅವರು ತಲೆಯಾಡಿಸಿದರು. 'ಒಂ ರಾಂ ಲ ರಪ್ಪೋರ್ ವಾಂದ್ರದಿ', ಶುಕ್ರವಾರ ವರದಿ ಕೊಡ್ತೀವಿ, ಇದು ಸರಿ. ಗಡುವು ಎಲ್ಲರದೂ ತಾನೆ. ಆದರೆ 'ಕೋಷ್ಟಕ ಮುಗಿಸೋಣ' ಅನ್ನುವುದಕ್ಕೂ 'ಒಂ' ಹಾಕಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕೆಲಸ ಅಂದುಕೊಳ್ಳುತ್ತಾರೆ. ಕೇಳಿಕೊಳ್ಳುವ ಜಾಗದಲ್ಲಿ 'ವೂ' ಬರಲೇಬೇಕು, ಅದೂ 'ಪುರಿಯೇ ವೂ' ಅಂತ, 'ನಿಮಗೆ ಆಗಬಹುದಾ' ಅನ್ನುವ ರೂಪದಲ್ಲಿ. ನನಗೆ ಇವತ್ತು ಅತ್ಯಂತ ಉಪಯೋಗಕ್ಕೆ ಬಂದ ಮಾತು ಇದೇ. ತಪ್ಪು ತೋರಿಸುವಾಗ 'ವೂ' ಬೇಡ, ಕೇಳುವಾಗ ಬೇಕು.

ಕೊನೆಗೆ ಹೋದ ಮೇಲ್‌ನ ತಿರುಳು ಇಷ್ಟು: ಶುಕ್ರವಾರ 15ಕ್ಕೆ ವರದಿ ಕೊಡ್ತೀವಿ. 'ಸೋಫ್ ಎರ್ರ್ ದ ಮಾ ಪಾರ್', ಅಂದರೆ ನನ್ನ ಕಣ್ತಪ್ಪು ಅಲ್ಲದಿದ್ದರೆ, ಸಾರಿಗೆ ಮತ್ತು ವಿದ್ಯುತ್ ಕೋಷ್ಟಕ ಬರಬೇಕಿವೆ. ಗುರುವಾರ ಮಧ್ಯಾಹ್ನ 12ರೊಳಗೆ ಕಳಿಸಲು ಆಗಬಹುದಾ? ಒಮ್ಮೆ ಓದಿ ನೋಡಲು ಅರ್ಧ ದಿನ ಬೇಕು.

ಯಾರ ಹೆಸರೂ ಹಾಕಲಿಲ್ಲ. ಕೋಷ್ಟಕದ ಹೆಸರು ಸಾಕಾಯಿತು. ಸಾರಿಗೆಯದು ಸಂಜೆ ನಾಲ್ಕಕ್ಕೇ ಬಂತು. ವಿದ್ಯುತ್ ನೋಡುವವರು ಗುರುವಾರ ಸಂಜೆ ಆರರವರೆಗೆ ಸಮಯ ಕೇಳಿದ್ದಾರೆ. ಸರಿ ಅಂದೆ. ಆ ಒಂದು ಪುಟವನ್ನು ಶುಕ್ರವಾರ ಬೆಳಿಗ್ಗೆ ಓದುತ್ತೇನೆ.