“ವೈ ಕೂಡ ಅಲ್ಲಿಗೇ ಹೋಗುತ್ತದೆ, ಚಿಕ್ಕಮ್ಮ”

ಅಕ್ಕನ ಮಗಳಿಗೆ ಬರುವ ವಾರ ರಿಯಲ್ ಅನಾಲಿಸಿಸ್ ಪರೀಕ್ಷೆ. ಭಾನುವಾರ ಮಧ್ಯಾಹ್ನ ಒಂದು ಕಟ್ಟು ಕಾರ್ಡು ಹಿಡಿದುಕೊಂಡು ಬಂದಳು. ಒಂದೊಂದು ಪ್ರಮೇಯಕ್ಕೆ ಒಂದೊಂದು ಕಾರ್ಡು. ಇಡೀ ಸಾಧನೆಯನ್ನು ನಾಲ್ಕೈದು ಸಾಲಿಗೆ ಇಳಿಸಿ, ಬಣ್ಣ ಬಳಿದು, ಕೆಳಗೆ ಗೆರೆ ಎಳೆದಿದ್ದಳು. ಅಕ್ಷರ ಮುತ್ತಿನಂತಿತ್ತು. ಅಕ್ಕನಿಗಂತೂ ಆ ಬಣ್ಣಗಳನ್ನು ನೋಡಿಯೇ ಮಗಳು ಪಾಸಾದಷ್ಟು ಸಮಾಧಾನ.

ನನ್ನ ಕೈಗೆ ಮೊದಲು ಸಿಕ್ಕಿದ್ದು ಹೈನೆ–ಕ್ಯಾಂಟರ್ ಪ್ರಮೇಯದ ಕಾರ್ಡು. [a, b] ಎಂಬ ಇಂಟರ್ವಲ್‌ನ ಮೇಲೆ f ನಿರಂತರವಾಗಿದ್ದರೆ ಅದು ಏಕರೂಪವಾಗಿಯೂ ನಿರಂತರ. ಅಂದರೆ, f ನ ಬೆಲೆಗಳ ಅಂತರ ε ಗಿಂತ ಕಡಿಮೆ ಇರಲು ಬಿಂದುಗಳು ಎಷ್ಟು ಹತ್ತಿರ ಇರಬೇಕು ಎನ್ನುವ δ ವನ್ನು ಬಿಂದುವಿಗೊಂದರಂತೆ ಹುಡುಕಬೇಕಾಗಿಲ್ಲ, ಇಡೀ ಇಂಟರ್ವಲ್‌ಗೆ ಒಂದೇ δ ಸಾಕು. ಅವಳು ಬರೆದಿದ್ದ ಸಾಧನೆ ಇಷ್ಟು: “ಇಲ್ಲ ಎಂದುಕೊಳ್ಳಿ. xₙ, yₙ ಹತ್ತಿರ; f(xₙ), f(yₙ) ದೂರ. ಬೋಲ್ಜಾನೊ–ವೈಯರ್‌ಸ್ಟ್ರಾಸ್ ಪ್ರಕಾರ ಎರಡಕ್ಕೂ ಸಬ್‌ಸೀಕ್ವೆನ್ಸ್ ಸಿಗುತ್ತದೆ, ಎರಡೂ c ಗೆ ಹೋಗುತ್ತವೆ. f ನಿರಂತರ. ವಿರೋಧ.” ಸೀಮಿತ ಇಂಟರ್ವಲ್‌ನೊಳಗಿನ ಯಾವ ಸೀಕ್ವೆನ್ಸ್‌ನಿಂದಲೂ ಒಂದು ಲಿಮಿಟ್‌ಗೆ ಹೋಗುವ ಸಬ್‌ಸೀಕ್ವೆನ್ಸ್ ಆರಿಸಬಹುದು ಎನ್ನುವುದೇ ಬೋಲ್ಜಾನೊ–ವೈಯರ್‌ಸ್ಟ್ರಾಸ್.

“ಎರಡೂ c ಗೇ ಯಾಕೆ ಹೋಗಬೇಕು?” ಎಂದು ಕೇಳಿದೆ.

“ಹತ್ತಿರ ಇವೆಯಲ್ಲ? ವೈ ಕೂಡ ಅಲ್ಲಿಗೇ ಹೋಗುತ್ತದೆ, ಚಿಕ್ಕಮ್ಮ.”

ಎಷ್ಟು ನಿಶ್ಚಿಂತೆಯಿಂದ ಹೇಳಿದಳೆಂದರೆ ನನಗೇ ಒಂದು ಗಳಿಗೆ ಹೌದೆನ್ನಿಸಿತು. ಆ ಮಾತು ಈ ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ.

ಒಂದು ಹಾಳೆ ತೆಗೆದುಕೊಂಡು [0, 1] ಇಂಟರ್ವಲ್ ಬರೆದೆ. n ಬೆಸವಾದಾಗ xₙ = 0, yₙ = 1/(2n). n ಸಮವಾದಾಗ xₙ = 1, yₙ = 1 − 1/(2n). ಪ್ರತಿ ಜೋಡಿಯ ನಡುವಿನ ಅಂತರ 1/(2n), ಅಂದರೆ 1/n ಗಿಂತ ಕಡಿಮೆಯೇ. “ಈಗ ನಿನ್ನ ಕಾರ್ಡು ಹೇಳುವಂತೆ ಎರಡಕ್ಕೂ ಸಬ್‌ಸೀಕ್ವೆನ್ಸ್ ಆರಿಸು. ನಾನು x ನಲ್ಲಿ ಬೆಸ ಪದಗಳನ್ನು ತೆಗೆದುಕೊಳ್ಳುತ್ತೇನೆ, y ನಲ್ಲಿ ಸಮ ಪದಗಳನ್ನು. ಯಾರು ಬೇಡ ಎನ್ನುತ್ತಾರೆ?” x ಸೊನ್ನೆಗೆ ಹೋಯಿತು, y ಒಂದಕ್ಕೆ ಹೋಯಿತು. f(0) ಮತ್ತು f(1) ದೂರ ಇದ್ದರೆ ಯಾವ ವಿರೋಧವೂ ಇಲ್ಲ. ಸಾಧನೆ ಅಲ್ಲಿಗೇ ನಿಂತಿತು.

ಅವಳು ಹಾಳೆಯನ್ನು ನೋಡುತ್ತ ಕುಳಿತಳು. ಮತ್ತೆ ಅದನ್ನೇ ಹೇಳಿದಳು, ಈ ಸಲ ಮೆಲ್ಲಗೆ: “ಆದರೆ ವೈ ಹತ್ತಿರ ಇದೆಯಲ್ಲ...”

ಹತ್ತಿರ ಇರುವುದು ತನ್ನದೇ ಸಂಖ್ಯೆಯ x ಗೆ ಮಾತ್ರ. ಒಂದೇ ನೊಗದ ಎತ್ತುಗಳನ್ನು ಬಿಚ್ಚಿ ಬೇರೆ ಬೇರೆ ದಾರಿಗೆ ಬಿಟ್ಟರೆ ಮತ್ತೆ ಜೊತೆಗೆ ಸಿಗುತ್ತವೆ ಎಂಬ ಭರವಸೆ ಇಲ್ಲ. ಆದ್ದರಿಂದ ಬೋಲ್ಜಾನೊ–ವೈಯರ್‌ಸ್ಟ್ರಾಸ್ ಅನ್ನು x ಗೆ ಮಾತ್ರ ಹಚ್ಚಬೇಕು. ಅಲ್ಲಿ ಸಿಕ್ಕ n₁, n₂, n₃ ಎಂಬ ಸಂಖ್ಯೆಗಳನ್ನೇ y ಗೂ ಇಟ್ಟುಕೊಳ್ಳಬೇಕು. ಆಗ y ಯಿಂದ c ಗೆ ಇರುವ ದೂರ, y ಯಿಂದ x ಗೆ ಮತ್ತು x ನಿಂದ c ಗೆ ಇರುವ ದೂರಗಳ ಮೊತ್ತವನ್ನು ಮೀರುವುದಿಲ್ಲ. ಎರಡೂ ಸೊನ್ನೆಗೆ ಇಳಿಯುತ್ತವೆ. ಈಗ “ವೈ ಕೂಡ ಅಲ್ಲಿಗೇ ಹೋಗುತ್ತದೆ” ಎನ್ನುವುದು ನಿಜ.

ಈ ಕಾರ್ಡು ಹುಟ್ಟಿದ್ದು ಎಲ್ಲಿಂದ ಎಂದು ಆಮೇಲೆ ತಿಳಿಯಿತು. ಅವಳ ಟ್ಯೂಷನ್ ಮೇಷ್ಟ್ರು ಹಂಚಿದ ಜೆರಾಕ್ಸ್ ನೋಟ್ಸ್. ಅವರು ಒಳ್ಳೆಯವರೇ ಇರಬಹುದು, ಆದರೆ ಸಾಧನೆಯನ್ನು ಕುಗ್ಗಿಸುವುದೆಂದರೆ ಪ್ರತಿ ಸಾಲನ್ನೂ ಅರ್ಧ ಮಾಡುವುದು ಎಂದು ತಿಳಿದಿದ್ದಾರೆ. ಆಗ ಎಲ್ಲ ಸಾಲುಗಳೂ ಸಮನಾಗಿ ತೆಳ್ಳಗಾಗುತ್ತವೆ. ಈ ಸಾಧನೆಯಲ್ಲಿ ಹಾಗೆ ಮಾಡುವಂತಿಲ್ಲ. ದೂರಗಳ ಮೊತ್ತದ ಲೆಕ್ಕವನ್ನು ಪೂರ್ತಿ ಬಿಡಬಹುದು, ಪರೀಕ್ಷೆಯಲ್ಲಿ ಕೈ ತಾನೇ ಬರೆಯುತ್ತದೆ. “ಅದೇ ಸಂಖ್ಯೆಗಳು” ಎಂಬುದನ್ನು ಬಿಟ್ಟರೆ ಮಾತ್ರ ಏನೂ ಉಳಿಯುವುದಿಲ್ಲ.

ಹಾಗೆಯೇ ಬಿಡಬಾರದ ಇನ್ನೊಂದು ಸಂಗತಿ ಮೊದಲ ಸಾಲಿನಲ್ಲೇ ಇತ್ತು. “f(xₙ), f(yₙ) ದೂರ” ಎಂದರೆ ಎಷ್ಟು ದೂರ? ಒಂದು ε ಮೊದಲೇ ನಿಗದಿಯಾಗುತ್ತದೆ, ಆಮೇಲೆ ಬರುವ ಪ್ರತಿ n ಗೂ ದೂರ ಅದೇ ε ಗಿಂತ ಕಡಿಮೆಯಾಗದು. n ಗೊಂದು ε ಎಂದುಕೊಂಡರೆ ಆ ದೂರವೂ ಸೊನ್ನೆಗೆ ಇಳಿಯಬಹುದು. ಆಗ ಕೊನೆಯಲ್ಲಿ f(xₙ) − f(yₙ) ಸೊನ್ನೆಗೆ ಹೋದರೆ ಯಾರಿಗೇನು ನಷ್ಟ? ಅವಳ “ದೂರ” ಎಂಬ ಪದ ಇದನ್ನು ನುಂಗಿಬಿಟ್ಟಿತ್ತು.

ಹುಡುಗಿಯನ್ನು ದೂರಲು ನನಗೆ ಮನಸ್ಸಿಲ್ಲ. 1823ರಲ್ಲಿ ಕೋಶಿಯಂಥ ಕೋಶಿಯೇ, ನಿರಂತರ ಫಂಕ್ಷನ್‌ಗೆ ಇಂಟಿಗ್ರಲ್ ಇದೆ ಎಂದು ಸಾಧಿಸುವಾಗ ಇದೇ ಏಕರೂಪತೆಯನ್ನು ಸದ್ದಿಲ್ಲದೆ ಬಳಸಿಕೊಂಡ. ಬಿಂದುವಿಗೊಂದು δ ಇರುವುದಕ್ಕೂ ಎಲ್ಲಕ್ಕೂ ಒಂದೇ δ ಇರುವುದಕ್ಕೂ ಇರುವ ವ್ಯತ್ಯಾಸವನ್ನು ಅವನು ಅಲ್ಲಿ ಬಿಡಿಸಿ ತೋರಿಸಲಿಲ್ಲ. ಹೈನೆ ಈ ಪ್ರಮೇಯವನ್ನು ಸಾಧನೆಯೊಂದಿಗೆ ಅಚ್ಚು ಹಾಕಿಸಿದ್ದು 1872ರಲ್ಲಿ. ಅಷ್ಟು ವರ್ಷ ದೊಡ್ಡವರ ಕಣ್ಣಿಗೂ “ಅಲ್ಲಿಗೇ ಹೋಗುತ್ತದೆ” ಎಂದೇ ಕಾಣುತ್ತಿತ್ತೇನೋ.

ಸಂಜೆ ಇಬ್ಬರೂ ಕೂತು ಕಾರ್ಡನ್ನು ಹೊಸದಾಗಿ ಬರೆದೆವು. ಮೇಲೆ ಸಾಧನೆಯ ಜೀವಾಳ: ಕೆಟ್ಟ ಜೋಡಿಗಳಿದ್ದರೆ ಅವು ಇಂಟರ್ವಲ್‌ನ ಒಳಗೇ ಎಲ್ಲೋ ಒಂದು ಬಿಂದುವಿನ ಬಳಿ ಗುಂಪುಗೂಡಬೇಕು, ಆ ಬಿಂದುವಿನಲ್ಲಿ ನಿರಂತರತೆ ಅವನ್ನು ಇರಗೊಡುವುದಿಲ್ಲ. ಕೆಳಗೆ ಮುಖ್ಯ ಹೆಜ್ಜೆಗಳು:

ಒಂದೇ ε, ಪ್ರತಿ n ಗೂ |xₙ − yₙ| < 1/n, |f(xₙ) − f(yₙ)| ≥ ε.
x ಗೆ ಮಾತ್ರ ಸಬ್‌ಸೀಕ್ವೆನ್ಸ್, ಲಿಮಿಟ್ c.
ಅದೇ ಸಂಖ್ಯೆಗಳ y ಕೂಡ c ಗೆ.
c ಯಲ್ಲಿ ನಿರಂತರ, ಆದ್ದರಿಂದ ವ್ಯತ್ಯಾಸ ಸೊನ್ನೆಗೆ. ε ಗೆ ವಿರೋಧ.

ಅವಳ ಹಳೆಯ ಕಾರ್ಡಿಗಿಂತ ಇದು ಉದ್ದವೇನಲ್ಲ. ಆದರೆ ಇದನ್ನು ಪರೀಕ್ಷಿಸಿ ನೋಡಲು ಬರುತ್ತದೆ. ಪ್ರಮೇಯ ಸುಳ್ಳಾಗುವ ಕಡೆ ಇದೇ ಹೆಜ್ಜೆಗಳನ್ನು ಓಡಿಸಿ, ಎಲ್ಲಿ ಮುಗ್ಗರಿಸುತ್ತವೆ ಎಂದು ನೋಡಿದರಾಯಿತು. (0, 1] ಮೇಲೆ 1/x ತೆಗೆದುಕೊಳ್ಳಿ. xₙ = 1/n, yₙ = 1/(n+1) ಎಂದರೆ ಅಂತರ 1/n ಗಿಂತ ಕಡಿಮೆ, f ನ ವ್ಯತ್ಯಾಸ ಯಾವಾಗಲೂ 1. ಜೋಡಿಗಳು ಸೊನ್ನೆಯ ಬಳಿ ಗುಂಪುಗೂಡುತ್ತವೆ, ಆದರೆ ಸೊನ್ನೆ ಇಂಟರ್ವಲ್‌ನಲ್ಲಿ ಇಲ್ಲವೇ ಇಲ್ಲ. ನಾಲ್ಕನೆಯ ಹೆಜ್ಜೆ ಇಡಲು ನೆಲವಿಲ್ಲ. ಇಡೀ ಸಂಖ್ಯಾರೇಖೆಯ ಮೇಲೆ x² ತೆಗೆದುಕೊಂಡರೆ n ಮತ್ತು n + 1/(2n) ಎಂಬ ಜೋಡಿಗಳಲ್ಲಿ ವ್ಯತ್ಯಾಸ 1 ಕ್ಕಿಂತ ಹೆಚ್ಚೇ. ಇಲ್ಲಿ ಜೋಡಿಗಳು ಅನಂತದತ್ತ ಓಡಿಹೋಗುತ್ತವೆ, ಎರಡನೆಯ ಹೆಜ್ಜೆಯೇ ಆಗುವುದಿಲ್ಲ. ಹಳೆಯ ಕಾರ್ಡಿನಲ್ಲಿ “ಎರಡೂ c ಗೆ” ಎಂದಷ್ಟೇ ಇದ್ದುದರಿಂದ ಇಂಟರ್ವಲ್ ಮುಚ್ಚಿರಬೇಕು, ಸೀಮಿತವಾಗಿರಬೇಕು ಎಂಬ ಷರತ್ತುಗಳು ಎಲ್ಲಿ ಕೆಲಸ ಮಾಡುತ್ತವೆ ಎಂಬ ಸುಳಿವೇ ಇರಲಿಲ್ಲ.

ಕಾರ್ಡನ್ನು ಸುಮ್ಮನೆ ಓದುತ್ತ ಕೂರಬೇಡ, ಒಂದು ರಾತ್ರಿ ಬಿಟ್ಟು ಖಾಲಿ ಹಾಳೆಯಲ್ಲಿ ಪೂರ್ತಿ ಸಾಧನೆ ಬೆಳೆಸಿ ಬರೆ, ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿ ಕಾರ್ಡಿಗೆ ಒಂದು ಪದ ಸೇರಿಸು ಎಂದು ಹೇಳಿ ಕಳಿಸಿದೆ. ಬುಧವಾರ ಫೋನ್ ಮಾಡಿದಳು. c ಯಾಕೆ [a, b] ಒಳಗೇ ಇರುತ್ತದೆ ಎಂಬಲ್ಲಿ ನಿಂತಿದ್ದಳಂತೆ, ತಾನೇ ದಾಟಿದ್ದಳು: ಎಲ್ಲ ಪದಗಳೂ a ಮತ್ತು b ನಡುವೆ ಇದ್ದರೆ ಲಿಮಿಟ್ ಕೂಡ ಅದರಾಚೆ ಹೋಗಲಾರದು. ಕಾರ್ಡಿನಲ್ಲಿ “ಮುಚ್ಚಿದೆ” ಎಂದು ಸೇರಿಸಿದ್ದಾಳೆ, ಯಾವ ಬಣ್ಣವೋ ಕೇಳಲಿಲ್ಲ.

ಜೊತೆಗೆ ಒಂದು ಪ್ರಶ್ನೆ. “(0, 1) ಮೇಲೆ x² ಏಕರೂಪವಾಗಿಯೇ ನಿರಂತರ ಅಲ್ಲವೇ? ಇಂಟರ್ವಲ್ ಮುಚ್ಚಿಲ್ಲವಲ್ಲ ಚಿಕ್ಕಮ್ಮ, ಮತ್ತೆ ಹೇಗೆ?” ಷರತ್ತು ಇದ್ದರೆ ಸಾಕು ಎನ್ನುತ್ತದೆ ಪ್ರಮೇಯ, ಇರಲೇಬೇಕು ಎನ್ನುವುದಿಲ್ಲ ಎಂದೆ. x² ಅನ್ನು 0 ಮತ್ತು 1ರವರೆಗೂ ನಿರಂತರವಾಗಿ ಹಿಗ್ಗಿಸಬಹುದು, 1/x ಅನ್ನು 0 ವರೆಗೆ ಹಿಗ್ಗಿಸಲು ಬರುವುದಿಲ್ಲ. “ಹಾಗಾದರೆ sin(1/x)?” ಎಂದಳು. ಅದಕ್ಕೆ ಕೆಟ್ಟ ಜೋಡಿಗಳನ್ನು ನೀನೇ ಹುಡುಕು ಎಂದು ಫೋನ್ ಇಟ್ಟೆ.