‘Done’ ಆದ ಬಗ್, ಮುಗಿಯದ ಟಿಕೆಟ್

“ಟಿಕೆಟ್‌ಗಳನ್ನೆಲ್ಲ ಜಿರಾ ಬಗ್‌ಗೆ ಲಿಂಕ್ ಮಾಡಿಯೇ ಇದ್ದೇವೆ. ಆದರೂ ಸಪೋರ್ಟ್‌ನವರು ದಿನಾ ಬಂದು ‘ಅದೇನಾಯ್ತು?’ ಅಂತ ಕೇಳ್ತಾರಲ್ಲ, ಯಾಕೆ?”

ಲಿಂಕ್‌ನಿಂದ ಅವರಿಗೆ ಕಾಣುವುದು ಒಂದೇ ಪದ: `In Progress`, ಇಲ್ಲವೇ `Done`. ಎಂಜಿನಿಯರ್ ಕೆಲಸ ಎಲ್ಲಿಗೆ ಬಂತು ಅನ್ನುವುದು ಅದರಿಂದ ತಿಳಿಯುತ್ತದೆ. ಕಾಯುತ್ತಿರುವ ಗ್ರಾಹಕರಿಗೆ ಏನು ಬರೆಯಬೇಕು ಅನ್ನುವುದು ತಿಳಿಯುವುದಿಲ್ಲ.

ಗ್ರಾಹಕರ ಟಿಕೆಟ್‌ಗಳಿಗೆ ಝೆಂಡೆಸ್ಕ್, ಬಗ್‌ಗಳಿಗೆ ಜಿರಾ ಬಳಸುವ ಒಂದು ತಂಡವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಿಲ್‌ನ ಪಿಡಿಎಫ್‌ನಲ್ಲಿ ಕನ್ನಡ ಹೆಸರು ಸರಿಯಾಗಿ ಬರುತ್ತಿಲ್ಲ ಎಂದು 14 ಟಿಕೆಟ್ ಬಂದಿವೆ. ಎಲ್ಲವನ್ನೂ ಒಂದೇ ಬಗ್‌ಗೆ, `INV-212`ಕ್ಕೆ, ಲಿಂಕ್ ಮಾಡಲಾಗಿದೆ. ಮೊದಲ ಎಡವಟ್ಟು ಇಲ್ಲೇ ಆಗಿದೆ. 9 ಟಿಕೆಟ್‌ಗಳ ಚಿತ್ರ ತೆರೆದು ನೋಡಿದರೆ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳಿವೆ. ಉಳಿದ 5ರಲ್ಲಿ ಅಕ್ಷರಗಳೇನೋ ಇವೆ, ಆದರೆ ‘ಕೃಷ್ಣ’ ಎಂಬುದು ‘ಕೃಷ್‌ಣ’ ಎಂದು ಬಿಡಿಬಿಡಿಯಾಗಿ ಬಂದಿದೆ. ಚೌಕ ಬಂದರೆ ಆ ಪಿಡಿಎಫ್‌ನ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಒತ್ತಕ್ಷರ ಬಿಟ್ಟುಕೊಂಡರೆ ಫಾಂಟ್ ಇದೆ, ಅಕ್ಷರಗಳನ್ನು ಕೂಡಿಸುವ ಕೆಲಸವನ್ನು ಪಿಡಿಎಫ್ ಲೈಬ್ರರಿ ಮಾಡುತ್ತಿಲ್ಲ. ಮೇಲ್‌ನಲ್ಲಿ ಹೋಗುವ ಬಿಲ್‌ಗೆ ಮೊದಲನೆಯ ರೋಗ, ಆ್ಯಪ್‌ನಿಂದ ಇಳಿಸಿಕೊಳ್ಳುವ ಬಿಲ್‌ಗೆ ಎರಡನೆಯದು. ಆದ್ದರಿಂದ 5 ಟಿಕೆಟ್‌ಗಳು ಹೊಸದಾಗಿ ತೆರೆದ `INV-215`ಕ್ಕೆ ಹೋಗಬೇಕು.

ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಎರಡೂ ಬಿಲ್‌ಗಳನ್ನು ತಯಾರಿಸುವುದು ಒಂದೇ ಲೈಬ್ರರಿ. ಮೇಲ್ ಬಿಲ್‌ಗೆ ಫಾಂಟ್ ಸೇರಿಸಿದ ದಿನ ಚೌಕ ಹೋಗಿ, ಅದರಲ್ಲೂ ಒತ್ತಕ್ಷರ ಒಡೆದು ಕಾಣುತ್ತದೆ. `INV-212` `Done` ಆಯಿತೆಂದು ಆ 9 ಜನರಿಗೆ ‘ಸರಿಹೋಗಿದೆ’ ಎಂದು ಬರೆದರೆ, ಎಲ್ಲರೂ ಕೋಪ ಮಾಡಿಕೊಂಡು ಮತ್ತೆ ಬರೆಯುತ್ತಾರೆ. ಆದ್ದರಿಂದ ಆ 9 ಟಿಕೆಟ್‌ಗಳನ್ನು `INV-215`ಕ್ಕೂ ಲಿಂಕ್ ಮಾಡಿ. ಒಂದು ಟಿಕೆಟ್‌ಗೆ ಎರಡು ಬಗ್ ಇರುವುದರಲ್ಲಿ ತಪ್ಪೇನೂ ಇಲ್ಲ.

ಈ ನಡುವೆ ಟಿಕೆಟ್ `On-hold`ನಲ್ಲಿರಲಿ. ಬಹಳ ತಂಡಗಳು `Pending` ಇಡುತ್ತವೆ, ಅದು ತಪ್ಪು. `Pending` ಅಂದರೆ ಗ್ರಾಹಕರ ಉತ್ತರಕ್ಕೆ ಕಾಯುತ್ತಿದ್ದೇವೆ ಎಂದರ್ಥ. ಅದಕ್ಕೆ ಜ್ಞಾಪನೆಯ ಆಟೊಮೇಷನ್ ಹಾಕಿದ್ದರೆ, ನಿಮ್ಮ ಬಗ್‌ಗಾಗಿ ಕಾಯುತ್ತಿರುವವರಿಗೇ ‘ನೀವು ಉತ್ತರಿಸಿಲ್ಲ’ ಎಂದು ಮೇಲ್ ಹೋಗುತ್ತದೆ. ಬಗ್ ದಾಖಲಾಯಿತಲ್ಲ ಎಂದು `Solved` ಮಾಡುವುದು ಇನ್ನೂ ಕೆಟ್ಟದ್ದು. ಸೆಟ್ಟಿಂಗ್ ಬದಲಿಸದಿದ್ದರೆ 4 ದಿನಕ್ಕೆ ಅದು `Closed` ಆಗುತ್ತದೆ. ಆಮೇಲೆ ಅದೇ ಟಿಕೆಟ್‌ನಲ್ಲಿ ಏನನ್ನೂ ಬರೆಯಲಾಗದು, ಬಗ್ ಸರಿಯಾದಾಗ ಆ ಗ್ರಾಹಕರಿಗೆ ಅದರ ಮೂಲಕ ಸುದ್ದಿ ಮುಟ್ಟುವ ದಾರಿಯೂ ಮುಚ್ಚುತ್ತದೆ.

ಇನ್ನು ಸುದ್ದಿ ಹೇಳುವುದು ಯಾರು? ಎಂಜಿನಿಯರಿಂಗ್ ಕಡೆಯಿಂದ ಒಬ್ಬರ ಹೆಸರು ಗೊತ್ತಾಗಿರಬೇಕು, ವಾರಕ್ಕೊಬ್ಬರಾದರೂ ಸರಿ. ಅವರು ಬೆಳಿಗ್ಗೆ ಜಿರಾದಲ್ಲಿ ಇದನ್ನು ಹುಡುಕಿದರೆ ಸಾಕು:

```
project = INV AND "Zendesk Ticket Count" > 0
AND status CHANGED AFTER -1d
```

ಗ್ರಾಹಕರ ಟಿಕೆಟ್ ಇರುವ, ನಿನ್ನೆಯಿಂದ ಸ್ಥಿತಿ ಬದಲಾದ ಬಗ್‌ಗಳಷ್ಟೇ ಬರುತ್ತವೆ. ಪ್ರತಿಯೊಂದಕ್ಕೂ ಲಿಂಕ್ ಆದ ಟಿಕೆಟ್‌ಗಳಲ್ಲಿ ಒಂದು ಆಂತರಿಕ ಟಿಪ್ಪಣಿ ಬೀಳಬೇಕು. ನಮ್ಮ ಉದಾಹರಣೆಯಲ್ಲಿ ಅದು ಹೀಗಿರುತ್ತದೆ:

“ಇಂದು ಸಂಜೆ 6ರ ನಂತರ ತಯಾರಾಗುವ ಮೇಲ್ ಬಿಲ್‌ಗಳಲ್ಲಿ ಚೌಕ ಬರುವುದಿಲ್ಲ. ಒತ್ತಕ್ಷರ ಇನ್ನೂ ಬಿಟ್ಟುಕೊಂಡೇ ಬರುತ್ತದೆ, ಅದು `INV-215`. ಹಳೆಯ ಬಿಲ್‌ಗಳು ತಾವಾಗಿ ಬದಲಾಗುವುದಿಲ್ಲ. ಗ್ರಾಹಕರಿಗೆ ‘ಸರಿಹೋಗಿದೆ’ ಎಂದು ಈಗಲೇ ಬರೆಯಬೇಡಿ. ಮುಂದಿನ ಸುದ್ದಿ ಗುರುವಾರ ಮಧ್ಯಾಹ್ನ.”

ಕೊನೆಯ ವಾಕ್ಯವನ್ನು ಎಂದೂ ಬಿಡಬೇಡಿ. ಗುರುವಾರ ಏನೂ ಮುಂದುವರಿದಿಲ್ಲವಾದರೆ ಅದನ್ನೇ ಬರೆದು ಇನ್ನೊಂದು ದಿನ ಹೇಳಿ. ಸಪೋರ್ಟ್‌ನವರು ದಿನಾ ಬಂದು ಕೇಳುವುದು ಮುಂದಿನ ಸುದ್ದಿ ಯಾವಾಗ ಎಂದು ಗೊತ್ತಿಲ್ಲದಿರುವುದರಿಂದಲೇ.

ಈ ಹುಡುಕಾಟಕ್ಕೂ ತಪ್ಪಿಸಿಕೊಳ್ಳುವುದು ಡೂಪ್ಲಿಕೇಟ್ ಬಗ್. ಒಬ್ಬರು `INV-219`ನ್ನು ‘ಇದು 215ರದ್ದೇ’ ಎಂದು ಮುಚ್ಚಿದರೆ, ಅದಕ್ಕೆ ಅಂಟಿದ್ದ ಟಿಕೆಟ್‌ಗಳು ಮುಚ್ಚಿದ ಬಗ್‌ಗೇ ಅಂಟಿಕೊಂಡಿರುತ್ತವೆ. 215 ಸರಿಯಾದ ದಿನ ಆ ಗ್ರಾಹಕರಿಗೆ ಯಾರೂ ಹೇಳುವುದಿಲ್ಲ. ಮುಚ್ಚುವ ಮೊದಲೇ ಟಿಕೆಟ್‌ಗಳನ್ನು 215ಕ್ಕೆ ಲಿಂಕ್ ಮಾಡಬೇಕು. `On-hold`ನಲ್ಲಿ ವಾರಗಟ್ಟಲೆ ಸುಮ್ಮನೆ ಕುಳಿತ ಟಿಕೆಟ್ ಕಂಡರೆ ಮೊದಲು ಇದನ್ನೇ ಪರೀಕ್ಷಿಸಿ.

`INV-215` ಬಿಡುಗಡೆಯಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಆ 14 ಜನರ ಹಳೆಯ ಬಿಲ್‌ಗಳನ್ನು ಮತ್ತೆ ತಯಾರಿಸಿ, ಒಂದೊಂದನ್ನೂ ತೆರೆದು ಹೆಸರು ಓದಿ ನೋಡಿ, ಹೊಸ ಪ್ರತಿಯನ್ನು ಉತ್ತರದ ಜೊತೆ ಲಗತ್ತಿಸಿ, ಆಮೇಲೆ ಟಿಕೆಟ್‌ನ್ನು `Solved` ಮಾಡಿ.